ಮೀನು ಹಿಡಿಯುವ ಆಟವನ್ನು ಆನ್‌ಲೈನ್‌ನಲ್ಲಿ ಮಾರುವ ಮುನ್ನ: ವಯಸ್ಸು, ಸಣ್ಣ ಭಾಗ, ಸೆಲ್ ವಿವರ ಬರೆಯುವುದು ಹೇಗೆ?

ಈ ಆಟಿಕೆಯನ್ನು ನೀವು ಜಾತ್ರೆಯಲ್ಲಿ ಖಂಡಿತ ನೋಡಿರುತ್ತೀರಿ. ಅಂಗೈಗಿಂತ ಸ್ವಲ್ಪ ದೊಡ್ಡದಾದ ದುಂಡನೆಯ ಪ್ಲಾಸ್ಟಿಕ್ ಕೊಳ. ಸ್ವಿಚ್ ಹಾಕಿದರೆ ಕೊಳ ಗಿರಗಿರ ತಿರುಗುತ್ತದೆ, ಒಳಗಿರುವ ಪುಟ್ಟ ಮೀನುಗಳು ಬಾಯಿ ತೆರೆದು ಮುಚ್ಚುತ್ತವೆ. ದಾರ ಕಟ್ಟಿದ ಪುಟಾಣಿ ಗಾಳದ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಬಾಯಿ ತೆರೆದಾಗ ಸರಿಯಾಗಿ ಇಳಿಸಿದರೆ ಮೀನು ಅಂಟಿಕೊಂಡು ಮೇಲೆ ಬರುತ್ತದೆ.

ನಮ್ಮದು ಚಿಕ್ಕ ಆಟಿಕೆ ಅಂಗಡಿ. ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿದಾಗ ನಾನು ಹಾಕಿದ ಮೊದಲ ಹತ್ತು ಲಿಸ್ಟಿಂಗ್‌ಗಳಲ್ಲಿ ಇದೂ ಒಂದು. ಹೋಲ್‌ಸೇಲ್‌ನವರು ಕಳಿಸಿದ ಮೆಸೇಜಿನಲ್ಲಿ '2 ವರ್ಷ ಮೇಲ್ಪಟ್ಟ ಮಕ್ಕಳಿಗೆ' ಅಂತ ಇತ್ತು. ನಾನು ಅದನ್ನೇ ಕಾಪಿ ಮಾಡಿ ಹಾಕಿದೆ. ಎರಡು ವಾರಕ್ಕೆ ಹಾಸನದಿಂದ ಒಬ್ಬರು ಅಜ್ಜಿ ಫೋನ್ ಮಾಡಿದರು.

'ನಮ್ಮ ಪುಟ್ಟಿಗೆ ಎರಡು ವರ್ಷ ಎರಡು ತಿಂಗಳು ಕಣಮ್ಮಾ. ಮೀನನ್ನ ಬಾಯಿಗೆ ಹಾಕ್ಕೊಂಡು ಬಿಟ್ಟಿದ್ಲು. ನಾನು ಪಕ್ಕದಲ್ಲೇ ಇದ್ದೆ, ಬೆರಳು ಹಾಕಿ ತೆಗೆದೆ. ಡಬ್ಬಿ ತಿರುಗಿಸಿ ನೋಡಿದ್ರೆ ಮೂರು ವರ್ಷದ ಮೇಲೆ ಅಂತ ಬರೆದಿದೆ. ನೀನ್ಯಾಕಮ್ಮಾ ಎರಡು ಅಂತ ಹಾಕಿದೀಯ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ನಾನು ಡಬ್ಬಿ ತೆರೆದೇ ಇರಲಿಲ್ಲ. ಅವತ್ತಿನಿಂದ ಒಂದೇ ಒಂದು ಆಟಿಕೆಯನ್ನೂ ಡಬ್ಬಿ ತೆರೆಯದೆ ಲಿಸ್ಟ್ ಮಾಡಿಲ್ಲ. ಈ ಲೇಖನದಲ್ಲಿ ಅದೇ ಮೀನಿನ ಆಟವನ್ನು ಇಟ್ಟುಕೊಂಡು, ನಾನು ಈಗ ಮಾಡುವ ಕೆಲಸವನ್ನು ಒಂದೊಂದಾಗಿ ಹೇಳುತ್ತೇನೆ. ಈ ಆಟಿಕೆಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಚಿಕ್ಕ ಮೀನು, ಅಯಸ್ಕಾಂತ, ದಾರ, ಸೆಲ್, ಎಲ್ಲ ಒಂದೇ ಡಬ್ಬಿಯಲ್ಲಿವೆ. ಇದನ್ನು ಸರಿಯಾಗಿ ಬರೆಯಲು ಬಂದರೆ ಉಳಿದ ಆಟಿಕೆಗಳು ಸುಲಭ.

ಡಬ್ಬಿ ತೆರೆದು ಎಲ್ಲವನ್ನೂ ಹರಡಿ

ಒಂದು ಬಿಳಿ ಹಾಳೆ, ಒಂದು ಸ್ಕೇಲು, ಒಂದು ಸ್ಕ್ರೂಡ್ರೈವರ್, ಒಂದು ಪೆನ್ನು ತಗೊಳ್ಳಿ. ಡಬ್ಬಿಯಲ್ಲಿರುವ ಪ್ರತಿಯೊಂದನ್ನೂ ಹಾಳೆಯ ಮೇಲೆ ಇಡಿ. ಪ್ಲಾಸ್ಟಿಕ್ ಕವರ್, ತಂತಿ ಕಟ್ಟು, ಸ್ಟಿಕ್ಕರ್ ಕೂಡ ಬಿಡಬೇಡಿ. ಎಣಿಸಿ, ಅಳೆದು, ಬರೆದುಕೊಳ್ಳಿ.

ನನ್ನ ಮುಂದಿದ್ದ ಆಟದಲ್ಲಿ ಕೊಳ 1, ಮೀನು 15, ಗಾಳ 4 ಇದ್ದವು. ಮೀನಿನ ಉದ್ದ 4 ಸೆಂಟಿಮೀಟರ್, ಅಗಲ 2 ಸೆಂಟಿಮೀಟರ್. ಗಾಳದ ದಾರ 15 ಸೆಂಟಿಮೀಟರ್. ಕೊಳದ ತಳದಲ್ಲಿ ಸ್ಕ್ರೂ ಇರುವ ಮುಚ್ಚಳ, ಅದರೊಳಗೆ 2 ಪೆನ್ಸಿಲ್ ಸೆಲ್ ಹಾಕುವ ಜಾಗ. ಡಬ್ಬಿಯ ಮೇಲೆ 3+ ಅಂತ ದೊಡ್ಡದಾಗಿ ಅಚ್ಚಾಗಿತ್ತು. ಪಕ್ಕದಲ್ಲಿ ಅಳುವ ಮಗುವಿನ ಮುಖ, 0-3 ಎಂಬ ಅಂಕಿ, ಅದರ ಮೇಲೆ ಅಡ್ಡಗೀಟು. ಆ ಚಿತ್ರದ ಅರ್ಥ: 'ಹುಟ್ಟಿದ ಮಗುವಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಇದನ್ನು ಕೊಡಬೇಡಿ'.

ಹೋಲ್‌ಸೇಲ್‌ನವರ ಮೆಸೇಜು, ಬೇರೆ ಮಾರಾಟಗಾರರ ಲಿಸ್ಟಿಂಗ್, ಇವೆರಡನ್ನೂ ಈ ಹೊತ್ತಿನಲ್ಲಿ ನೋಡಬೇಡಿ. ಹಾಳೆಯ ಮೇಲೆ ಇರುವುದನ್ನು ಮಾತ್ರ ನಂಬಿ.

ಐಎಸ್ಐ ಗುರುತು ನೋಡುವಾಗ ನಂಬರನ್ನೂ ಓದಿ

ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್ಐ ಗುರುತು ಕಡ್ಡಾಯ. 2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶದಿಂದ ಬಂದ ನಿಯಮ ಇದು. ಗುರುತಿಲ್ಲದ ಆಟಿಕೆಯನ್ನು ಎಷ್ಟೇ ಚೆನ್ನಾಗಿ ಬರೆದರೂ ಮಾರುವ ಹಾಗಿಲ್ಲ. ಹಾಗಾಗಿ ಲಿಸ್ಟಿಂಗ್ ಕೆಲಸ ಶುರುವಾಗುವುದೇ ಇಲ್ಲಿಂದ.

ಗುರುತಿನ ಮೇಲ್ಗಡೆ ಒಂದು ನಂಬರ್ ಇರುತ್ತದೆ. ಸೆಲ್, ಕರೆಂಟು ಏನೂ ಇಲ್ಲದ ಆಟಿಕೆಗೆ `IS 9873`. ಸೆಲ್‌ನಿಂದ ಏನಾದರೂ ಒಂದು ಕೆಲಸ ನಡೆಯುವ ಆಟಿಕೆಗೆ `IS 15644`. ನಮ್ಮ ಕೊಳ ಸೆಲ್‌ನಿಂದ ತಿರುಗುತ್ತದೆ, ಹಾಗಾಗಿ ಅದರ ಮೇಲೆ 15644 ಇರಬೇಕು. ಸೆಲ್ ಹಾಕುವ ಆಟಿಕೆಯ ಡಬ್ಬಿಯಲ್ಲಿ ಬರೀ 9873 ಕಂಡರೆ ಅಲ್ಲಿಗೇ ನಿಲ್ಲಿಸಿ, ಮಾಲು ಕೊಟ್ಟವರನ್ನು ಕೇಳಿ. ಬೇರೆ ಆಟಿಕೆಗೆ ಪಡೆದ ಲೈಸೆನ್ಸನ್ನು ಇದಕ್ಕೂ ಅಂಟಿಸಿರಬಹುದು.

ಗುರುತಿನ ಕೆಳಗೆ `CM/L` ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಫೋನಿನಲ್ಲಿ `BIS Care` ಆ್ಯಪ್ ಹಾಕಿಕೊಂಡು, ಆ ನಂಬರನ್ನು ಟೈಪ್ ಮಾಡಿ. ತಯಾರಕರ ಹೆಸರು, ಯಾವ ವಸ್ತುವಿಗೆ ಲೈಸೆನ್ಸ್, ಅದು ಚಾಲ್ತಿಯಲ್ಲಿದೆಯಾ ಇಲ್ಲವಾ, ಎಲ್ಲ ಬರುತ್ತದೆ. ಡಬ್ಬಿಯ ಮೇಲಿರುವ ಹೆಸರಿಗೂ ಆ್ಯಪ್ ತೋರಿಸುವ ಹೆಸರಿಗೂ ಹೊಂದಿಕೆ ಇರಬೇಕು. ಎರಡು ನಿಮಿಷದ ಕೆಲಸ. ಆ ಸ್ಕ್ರೀನಿನ ಫೋಟೋ ತೆಗೆದು ಇಟ್ಟುಕೊಳ್ಳಿ, ಮಾರಾಟದ ಸೈಟಿನವರು ಯಾವತ್ತಾದರೂ ಕೇಳುತ್ತಾರೆ.

ಚನ್ನಪಟ್ಟಣದ ಬೊಂಬೆ ಮಾರುವವರಿಗೆ ಇಲ್ಲೊಂದು ಮಾತು. ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಗುರುತು ಪಡೆದ ಆಟಿಕೆಗಳನ್ನು ಅದರ ನೋಂದಾಯಿತ ಹಕ್ಕುದಾರರು ಮಾಡಿ ಮಾರುವಾಗಲೂ ಈ ಐಎಸ್ಐ ನಿಯಮದಿಂದ ವಿನಾಯಿತಿ ಇದೆ. ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಗುರುತು ಇದೆ. ಆದರೆ ವಿನಾಯಿತಿ ಸಿಕ್ಕಿರುವುದು ಗುರುತಿಗೆ ಮಾತ್ರ. ಅರಗಿನ ಬಣ್ಣ ಎಷ್ಟೇ ಒಳ್ಳೆಯದಾಗಿರಲಿ, ಪುಟ್ಟ ಬಂಡಿಯ ಚಕ್ರ ಕಳಚಿ ಬಂದರೆ ಅದೂ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮುಂದೆ ಹೇಳುವ ಪರೀಕ್ಷೆಯನ್ನು ಆ ಬೊಂಬೆಗಳಿಗೂ ಮಾಡಲೇಬೇಕು.

ವಯಸ್ಸು: ಬುದ್ಧಿಯ ಲೆಕ್ಕ ಬೇರೆ, ಬಾಯಿಯ ಲೆಕ್ಕ ಬೇರೆ

'ನಮ್ಮ ಮಗು ತುಂಬಾ ಚುರುಕು ಮೇಡಂ, ಎರಡು ವರ್ಷಕ್ಕೇ ಇದನ್ನೆಲ್ಲ ಆಡುತ್ತೆ' ಅಂತ ಗ್ರಾಹಕರು ಹೇಳುವುದನ್ನು ನಾನು ದಿನಾ ಕೇಳುತ್ತೇನೆ. ಆಡಬಹುದು, ನಿಜ. ಆದರೆ ಡಬ್ಬಿಯ ಮೇಲಿನ 3+ ಎಂಬುದು ಮಗುವಿನ ಬುದ್ಧಿಯನ್ನು ನೋಡಿ ಹಾಕಿದ್ದಲ್ಲ. ಮೂರು ವರ್ಷದವರೆಗೆ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿ ನೋಡುತ್ತಾರೆ. ಅವರ ಉಸಿರಿನ ದಾರಿ ಕಿರಿದು, ಕೆಮ್ಮಿ ಹೊರಹಾಕುವ ಶಕ್ತಿಯೂ ಕಡಿಮೆ. ಚುರುಕು ಮಗುವಿಗೂ ಗಂಟಲು ಅಷ್ಟೇ ಚಿಕ್ಕದು.

ಹಾಗಾಗಿ ಮೊದಲ ನಿಯಮ ಇದು. ತಯಾರಕರು ಹೇಳಿದ ವಯಸ್ಸಿಗಿಂತ ಕಡಿಮೆ ವಯಸ್ಸನ್ನು ಲಿಸ್ಟಿಂಗ್‌ನಲ್ಲಿ ಎಲ್ಲಿಯೂ ಹಾಕಬೇಡಿ. ಲ್ಯಾಬಿನಲ್ಲಿ ಆಟಿಕೆಯನ್ನು ಬೀಳಿಸಿ, ಎಳೆದು, ತಿರುಚಿ ನೋಡಿರುತ್ತಾರೆ. ನಾವು ಅಂಗಡಿಯಲ್ಲಿ ಕೂತು ಆ ನಿರ್ಧಾರವನ್ನು ಕೆಳಗಿಳಿಸುವುದು ಸರಿಯಲ್ಲ.

ಇದರ ಇನ್ನೊಂದು ಮುಖವೂ ಇದೆ, ಜಾಸ್ತಿ ಜನ ಎಡವುವುದು ಅಲ್ಲೇ. ಸುಮ್ನೆ ಎಲ್ಲದಕ್ಕೂ 3+ ಅಂತ ಹಾಕಿಬಿಟ್ಟರೆ ತಲೆನೋವು ಇರಲ್ಲ ಅಂದುಕೊಳ್ಳುತ್ತಾರೆ. ಗಿಲಕಿ, ಹಲ್ಲು ಬರುವಾಗ ಕಚ್ಚುವ ಆಟಿಕೆ, ಮೆತ್ತನೆಯ ಕರಡಿ, ಹಗ್ಗ ಹಿಡಿದು ಎಳೆಯುವ ಬಾತುಕೋಳಿ, ಇವನ್ನು ಕೊಳ್ಳುವವರು ಯಾರು? ಕೂಸು ಇರುವವರು. ಅದರ ಮೇಲೆ 3+ ಅಂತ ಬರೆದರೂ ಅದು ಹೋಗುವುದು ಎಂಟು ತಿಂಗಳ ಮಗುವಿನ ಕೈಗೇ. ಗಿಲಕಿಯಿಂದ ಮಣಿ ಉದುರಿ ಬರುತ್ತದೆ ಅಂದರೆ, ಕರಡಿಯ ಕಣ್ಣು ಕಿತ್ತು ಬರುತ್ತದೆ ಅಂದರೆ, ಆ ವಸ್ತುವನ್ನೇ ಮಾರಬಾರದು. ಎಚ್ಚರಿಕೆ ಬರೆದು ಅದನ್ನು ಸರಿಮಾಡಲು ಆಗುವುದಿಲ್ಲ. ಮೀನಿನ ಆಟ ಹಾಗಲ್ಲ. ತಿರುಗುವ ಮೀನಿನ ಬಾಯಿಗೆ ಗಾಳ ಇಳಿಸುವುದು ಮೂರು ನಾಲ್ಕು ವರ್ಷದ ಮಕ್ಕಳ ಆಟವೇ. ಅಲ್ಲಿ 3+ ಅನ್ನುವುದು ಪ್ರಾಮಾಣಿಕ.

ಈಗ ಫಾರ್ಮ್ ತುಂಬುವ ಜಾಗಕ್ಕೆ ಬನ್ನಿ. ಕೆಲವು ಸೈಟುಗಳು ಕನಿಷ್ಠ ವಯಸ್ಸನ್ನು ವರ್ಷದಲ್ಲಿ ಕೇಳುತ್ತವೆ, ಕೆಲವು ತಿಂಗಳಲ್ಲಿ ಕೇಳುತ್ತವೆ. ತಿಂಗಳ ಜಾಗದಲ್ಲಿ ನೀವು 3 ಅಂತ ಟೈಪ್ ಮಾಡಿದರೆ ಗ್ರಾಹಕರಿಗೆ ಕಾಣುವುದು 'ಮೂರು ತಿಂಗಳು ಮೇಲ್ಪಟ್ಟು'. ಅಲ್ಲಿ 36 ಹಾಕಬೇಕು. ಈ ತಪ್ಪು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಯಾಕೆಂದರೆ ಮಾರಾಟಗಾರರ ಪುಟದಲ್ಲಿ ಬರೀ ಅಂಕಿ ಕಾಣುತ್ತದೆ. ಸೇವ್ ಮಾಡಿದ ಮೇಲೆ ಮನೆಯವರ ಫೋನಿನಲ್ಲಿ, ಗ್ರಾಹಕರ ಹಾಗೆ ಆ ಪುಟವನ್ನು ತೆರೆದು ಒಮ್ಮೆ ಓದಿ. ಜೊತೆಗೆ '0-2 ವರ್ಷ' ಎಂಬ ಫಿಲ್ಟರ್ ಒತ್ತಿ ನೋಡಿ. ನಿಮ್ಮ ಮೀನಿನ ಆಟ ಅಲ್ಲಿ ಬರುತ್ತಿದ್ದರೆ ಎಲ್ಲೋ ಒಂದು ಅಂಕಿ ತಪ್ಪಿದೆ.

ರಟ್ಟಿನ ಕೊಳವೆ: ಸಣ್ಣ ಭಾಗ ಅಂದರೆ ಎಷ್ಟು ಸಣ್ಣದು?

'ಸಣ್ಣ ಭಾಗ' ಎಂಬ ಮಾತಿಗೆ ಒಂದು ಅಳತೆ ಇದೆ. ಲ್ಯಾಬುಗಳಲ್ಲಿ ಇದಕ್ಕಾಗಿ ಒಂದು ಪುಟ್ಟ ಲೋಹದ ಲೋಟ ಇಟ್ಟುಕೊಂಡಿರುತ್ತಾರೆ. ಅದರ ಬಾಯಿ 31.7 ಮಿಲಿಮೀಟರ್ ಅಗಲ. ತಳ ಓರೆಯಾಗಿರುತ್ತದೆ: ಒಂದು ಕಡೆ ಆಳ 25.4 ಮಿಲಿಮೀಟರ್, ಎದುರು ಕಡೆ 57.1 ಮಿಲಿಮೀಟರ್. ಚಿಕ್ಕ ಮಗುವಿನ ಗಂಟಲನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಆಕಾರ ಇದು. ಆಟಿಕೆ ಅಥವಾ ಅದರ ಒಂದು ತುಂಡು, ಯಾವ ಕಡೆಯಿಂದ ಹಾಕಿದರೂ ಸರಿ, ಪೂರ್ತಿ ಒಳಗೆ ಇಳಿದರೆ ಅದು ಸಣ್ಣ ಭಾಗ.

ಈ ಲೋಟವನ್ನು ದಪ್ಪ ಕಾಗದದಿಂದ ಮನೆಯಲ್ಲೇ ಮಾಡಿಕೊಳ್ಳಬಹುದು. ಮದುವೆ ಕಾರ್ಡಿನ ಕಾಗದ ಸಾಕು. 11 ಸೆಂಟಿಮೀಟರ್ ಉದ್ದ, 5.7 ಸೆಂಟಿಮೀಟರ್ ಎತ್ತರದ ಒಂದು ಪಟ್ಟಿ ಕತ್ತರಿಸಿ. ಅದನ್ನು ಉದ್ದಕ್ಕೆ ಸುತ್ತಿ, 1 ಸೆಂಟಿಮೀಟರ್ ಒಂದರ ಮೇಲೊಂದು ಬರುವ ಹಾಗೆ ಅಂಟಿಸಿ. ಈಗ ಸುತ್ತಳತೆ 10 ಸೆಂಟಿಮೀಟರ್ ಆಯಿತು, ಅಂದರೆ ಬಾಯಿಯ ಅಗಲ ಸುಮಾರು 31.8 ಮಿಲಿಮೀಟರ್. ಆಮೇಲೆ ಒಂದು ತುದಿಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿ. ಒಂದು ಬದಿಯ ಎತ್ತರ 5.7 ಸೆಂಟಿಮೀಟರ್ ಉಳಿಯಲಿ, ಎದುರು ಬದಿ 2.5ಕ್ಕೆ ಇಳಿಯಲಿ. ಓರೆ ತುದಿಯ ಮೇಲೆ ಇನ್ನೊಂದು ಕಾಗದದ ತುಂಡು ಅಂಟಿಸಿ ಮುಚ್ಚಿಬಿಡಿ. ಅದೇ ತಳ. ಕೊಳವೆ ಗುಂಡಗೇ ಇರಬೇಕು, ಒತ್ತಿ ಚಪ್ಪಟೆ ಆಗಬಾರದು.

ಒಂದೊಂದೇ ತುಂಡನ್ನು ಹಾಕಿ ನೋಡಿ. ಒತ್ತಬೇಡಿ, ತಾನಾಗಿ ಇಳಿಯಲಿ. ಉದ್ದಕ್ಕೆ, ಅಡ್ಡಕ್ಕೆ, ಓರೆಗೆ ತಿರುಗಿಸಿ ಹಾಕಿ. ನಮ್ಮ ಮೀನು ಅಡ್ಡಕ್ಕೆ ಹಾಕಿದಾಗ ಬಾಯಲ್ಲೇ ನಿಂತುಬಿಟ್ಟಿತು. ಬಾಲ ಕೆಳಗೆ ಮಾಡಿ ನಿಲ್ಲಿಸಿದಾಗ ಆಳದ ಬದಿಯಲ್ಲಿ ಪೂರ್ತಿ ಮುಳುಗಿತು. ಅಲ್ಲಿಗೆ ತೀರ್ಮಾನವಾಯಿತು: 15 ಮೀನೂ ಸಣ್ಣ ಭಾಗಗಳೇ. ಗಾಳ ಉದ್ದ ಇರುವುದರಿಂದ ಇಳಿಯಲಿಲ್ಲ. ಆದರೆ ಅದರ ತುದಿಯ ಅಯಸ್ಕಾಂತದ ಗುಂಡು ದಾರದಿಂದ ಕಳಚಿದರೆ ಖಂಡಿತ ಇಳಿಯುತ್ತದೆ. ದಾರವನ್ನು ಕೈಯಲ್ಲಿ ಗಟ್ಟಿಯಾಗಿ ಎಳೆದು ನೋಡಿ. ಒಂದು ಗಾಳದಲ್ಲಿ ಗಂಟು ಜಾರಿದರೂ ಆ ಮಾಲನ್ನು ವಾಪಸ್ ಕಳಿಸಿ.

ಒಂದೆರಡು ಮಿಲಿಮೀಟರ್ ಅನುಮಾನ ಬಂದರೆ ಸಣ್ಣ ಭಾಗ ಅಂತಲೇ ಬರೆಯಿರಿ. ಈ ಕಾಗದದ ಕೊಳವೆ ಲ್ಯಾಬಿನ ಪ್ರಮಾಣಪತ್ರಕ್ಕೆ ಬದಲಿ ಆಗುವುದಿಲ್ಲ. ಎಚ್ಚರಿಕೆ ಸೇರಿಸಬೇಕಾ ಅಂತ ತಿಳಿಯಲು ಮಾತ್ರ ಇದನ್ನು ಬಳಸಿ. 'ನನ್ನ ಕೊಳವೆಯಲ್ಲಿ ಇಳಿಯಲಿಲ್ಲ, ಹಾಗಾಗಿ 3+ ತೆಗೆದು 1+ ಹಾಕುತ್ತೇನೆ' ಅನ್ನುವ ಹಾಗಿಲ್ಲ.

ಚೆಂಡು ಬೇರೆ. ಗುಂಡಗಿರುವ ವಸ್ತು ಗಂಟಲನ್ನು ಪೂರ್ತಿ ಮುಚ್ಚಿಬಿಡುವುದರಿಂದ ಅದಕ್ಕೆ ದೊಡ್ಡ ಅಳತೆ ಇದೆ: 44.5 ಮಿಲಿಮೀಟರ್ ಅಗಲದ ತೂತಿನಲ್ಲಿ ತೂರಿ ಹೋಗುವ ಚೆಂಡು ಮೂರು ವರ್ಷದೊಳಗಿನ ಮಗುವಿಗೆ ಅಪಾಯ. ಗೋಲಿ, ಪುಟಿಯುವ ರಬ್ಬರ್ ಚೆಂಡು ಮಾರುವವರು ರಟ್ಟಿನಲ್ಲಿ ಅಂಥದ್ದೊಂದು ತೂತು ಕೊರೆದು ಇಟ್ಟುಕೊಳ್ಳಿ.

ಎಚ್ಚರಿಕೆಯ ಸಾಲು ಮತ್ತು ಅದರ ಜಾಗ

ಬರೀ 'ಎಚ್ಚರಿಕೆ: ಚಿಕ್ಕ ಮಕ್ಕಳಿಂದ ದೂರವಿಡಿ' ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಯಾವ ವಯಸ್ಸು, ಯಾವ ವಸ್ತು, ಏನಾಗುತ್ತದೆ, ಮೂರನ್ನೂ ಹೇಳಬೇಕು. ನಾನು ಬರೆಯುವುದು ಹೀಗೆ: 'ಎಚ್ಚರಿಕೆ: 3 ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ. ಮೀನುಗಳು ಚಿಕ್ಕದಾಗಿವೆ, ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಬಹುದು.'

ಅಯಸ್ಕಾಂತಕ್ಕೆ ಬೇರೆಯೇ ಸಾಲು ಬೇಕು, ಯಾಕೆಂದರೆ ಅದರ ಅಪಾಯ ಬೇರೆ. ಮಗು ಎರಡು ಅಯಸ್ಕಾಂತ ನುಂಗಿತು ಅಂದುಕೊಳ್ಳಿ. ಕರುಳಿನ ಎರಡು ಬೇರೆ ಸುತ್ತುಗಳಲ್ಲಿ ಇದ್ದುಕೊಂಡೇ ಅವು ಒಂದನ್ನೊಂದು ಎಳೆದುಕೊಳ್ಳುತ್ತವೆ. ನಡುವೆ ಸಿಕ್ಕಿದ ಕರುಳು ನಜ್ಜಿ ತೂತಾಗಬಹುದು. ಒಂದು ಅಯಸ್ಕಾಂತ ಮತ್ತು ಒಂದು ಕಬ್ಬಿಣದ ಚೂರು ನುಂಗಿದರೂ ಇದೇ ಕಥೆ. ಮಲದಲ್ಲಿ ಹೋಗುತ್ತದೆ ಅಂತ ಕಾಯುವ ವಿಷಯ ಇದಲ್ಲ. ಅದಕ್ಕೇ 'ಒಳಗೆ ಅಯಸ್ಕಾಂತ ಇದೆ. ಮಗು ನುಂಗಿದ ಅನುಮಾನ ಬಂದರೂ ತಕ್ಷಣ ಆಸ್ಪತ್ರೆಗೆ ಹೋಗಿ' ಅಂತ ನೇರವಾಗಿ ಬರೆಯುತ್ತೇನೆ. ಇದನ್ನು ಓದಿ ಗ್ರಾಹಕರು ಹೆದರಿ ಹೋಗಿಬಿಟ್ಟರೆ ಅನ್ನುವವರು ಇದ್ದಾರೆ. ಐದು ವರ್ಷದ ಮಗುವಿಗೆ ಕೊಳ್ಳುವವರು ಹೆದರುವುದಿಲ್ಲ. ಒಂದೂವರೆ ವರ್ಷದ ಮಗುವಿಗೆ ಕೊಳ್ಳಲು ಬಂದವರು ಬಿಟ್ಟು ಹೋಗಲಿ ಅಂತಲೇ ಆ ಸಾಲು ಇರುವುದು.

ದಾರ ಚಿಕ್ಕದಾದ್ದರಿಂದ ಇಲ್ಲಿ ದೊಡ್ಡ ಚಿಂತೆ ಇಲ್ಲ. ಕುತ್ತಿಗೆಗೆ ಸುತ್ತಿಕೊಳ್ಳುವಷ್ಟು ಉದ್ದ ಇದ್ದರೆ ಅದನ್ನೂ ಹೇಳಿ.

ಈ ಸಾಲುಗಳು ವಿವರಣೆಯ ಕೊನೆಯಲ್ಲಿ ಇದ್ದರೆ ಪ್ರಯೋಜನ ಕಡಿಮೆ. ಫೋನಿನಲ್ಲಿ ಮೊದಲ ಎರಡು ಮೂರು ಸಾಲು ಕಾಣುತ್ತದೆ, ಉಳಿದದ್ದು 'ಇನ್ನಷ್ಟು ಓದಿ' ಕೆಳಗೆ ಮುಚ್ಚಿಹೋಗುತ್ತದೆ. ಹಾಗಾಗಿ ವಯಸ್ಸನ್ನು ಹೆಸರಿನಲ್ಲೇ ಸೇರಿಸಿ, ಎಚ್ಚರಿಕೆಯನ್ನು ವಿವರಣೆಯ ಮೊದಲ ಸಾಲಿನಲ್ಲಿ ಇಡಿ. ಡಬ್ಬಿಯ ಎಚ್ಚರಿಕೆ ಇರುವ ಬದಿಯನ್ನು ಹತ್ತಿರದಿಂದ, ಅಕ್ಷರ ಓದುವ ಹಾಗೆ ಫೋಟೋ ತೆಗೆದು ಹಾಕಿ. ಇನ್ನೊಂದು ಫೋಟೋದಲ್ಲಿ ಒಂದು ಮೀನನ್ನು ಸ್ಕೇಲಿನ ಪಕ್ಕ ಇಟ್ಟು ತೋರಿಸಿ. 4 ಸೆಂಟಿಮೀಟರ್ ಅಂತ ಓದುವುದಕ್ಕಿಂತ ಆ ಫೋಟೋ ಬೇಗ ಅರ್ಥವಾಗುತ್ತದೆ.

ಫೋಟೋದಲ್ಲಿ ಮಗು ಇದ್ದರೆ ಆ ಮಗುವಿನ ವಯಸ್ಸು ನೋಡಿ. ಹೋಲ್‌ಸೇಲ್‌ನವರು ಕಳಿಸಿದ ಚಿತ್ರದಲ್ಲಿ ಅಂಬೆಗಾಲಿಡುವ ಕೂಸು ಮೀನನ್ನು ಹಿಡಿದುಕೊಂಡು ನಗುತ್ತಿತ್ತು. ಮೇಲೆ 3+ ಬರೆದು ಕೆಳಗೆ ಆ ಚಿತ್ರ ಹಾಕಿದರೆ ಜನ ನಂಬುವುದು ಚಿತ್ರವನ್ನೇ, ಅಲ್ವಾ? ಹುಡುಕಾಟದ ಪದಗಳೂ ಹಾಗೆಯೇ. 'ಮೊದಲ ಹುಟ್ಟುಹಬ್ಬದ ಗಿಫ್ಟ್', 'ಬೇಬಿ ಟಾಯ್' ಅಂತ ಪದಗಳನ್ನು ತುಂಬಿದರೆ ಜಾಸ್ತಿ ಜನ ಪುಟಕ್ಕೆ ಬರುತ್ತಾರೆ, ನಿಜ. ಆದರೆ ಬರುವವರೆಲ್ಲ ಒಂದು ವರ್ಷದ ಮಗುವಿನ ಮನೆಯವರು. ನಾನು ಆ ಪದಗಳನ್ನು ತೆಗೆದು 'ಮೂರು ವರ್ಷದ ಮಗುವಿಗೆ ಆಟ', 'ಮ್ಯಾಗ್ನೆಟ್ ಫಿಶಿಂಗ್ ಗೇಮ್' ಅಂತ ಹಾಕಿದೆ.

ಸೆಲ್: ಯಾವುದು, ಎಷ್ಟು, ಡಬ್ಬಿಯಲ್ಲಿ ಇದೆಯಾ?

'ಬ್ಯಾಟರಿ ಆಪರೇಟೆಡ್' ಎಂಬ ಒಂದೇ ಮಾತು ಬರೆದು ಮುಗಿಸಿದರೆ ಹುಟ್ಟುಹಬ್ಬದ ದಿನ ಸಂಜೆ ಏಳು ಗಂಟೆಗೆ ಒಂದು ಫೋನ್ ಬಂದೇ ಬರುತ್ತದೆ. ಮಗು ಅಳುತ್ತಿರುತ್ತದೆ, ಮನೆಯಲ್ಲಿ ಸೆಲ್ ಇರುವುದಿಲ್ಲ.

ಅಳತೆಯ ಹೆಸರು ಮೊದಲು. ಪೆನ್ಸಿಲ್ ಸೆಲ್ ಅಂದರೆ ಕೆಲವರು ದಪ್ಪದ್ದು ಅಂದುಕೊಳ್ಳುತ್ತಾರೆ, ಕೆಲವರು ಸಣ್ಣದು ಅಂದುಕೊಳ್ಳುತ್ತಾರೆ. ಗಡಿಯಾರಕ್ಕೆ ಹಾಕುವುದು `AA`, ಟಿವಿ ರಿಮೋಟಿಗೆ ಸಾಮಾನ್ಯವಾಗಿ ಹಾಕುವ ಸಣಕಲು ಸೆಲ್ `AAA`. ಎರಡೂ 1.5 ವೋಲ್ಟ್, ಆದರೆ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಾಗಾಗಿ ಸೆಲ್ ಮೇಲೆ ಅಚ್ಚಾಗಿರುವ ಹೆಸರನ್ನೇ ಬರೆಯಿರಿ, ಪಕ್ಕದಲ್ಲಿ 'ಗಡಿಯಾರದ ಸೆಲ್' ಅಂತ ಸೇರಿಸಿದರೆ ಅಜ್ಜ ಅಜ್ಜಿಗೂ ತಿಳಿಯುತ್ತದೆ. ಎಷ್ಟು ಬೇಕು, ಡಬ್ಬಿಯಲ್ಲಿ ಇದೆಯಾ ಇಲ್ಲವಾ, ಇದು ಎರಡನೆಯದು. ಡಬ್ಬಿಯೊಳಗೆ ಬರೀ ಟೆಸ್ಟ್ ಮಾಡಲು ಹಾಕಿದ ಸೆಲ್ ಇದ್ದರೆ 'ಜೊತೆಗೆ ಬರುವ ಸೆಲ್ ಪರೀಕ್ಷೆಗೆ ಮಾತ್ರ, ಬೇಗ ಮುಗಿಯುತ್ತದೆ' ಅಂತ ಹೇಳಿಬಿಡಿ. ಮೂರನೆಯದು ಮುಚ್ಚಳ. ನಮ್ಮ ಕೊಳದ್ದು ಸ್ಕ್ರೂ ಮುಚ್ಚಳ, ಪ್ಲಸ್ ತುದಿಯ ಚಿಕ್ಕ ಸ್ಕ್ರೂಡ್ರೈವರ್ ಬೇಕು, ಅದು ಡಬ್ಬಿಯಲ್ಲಿ ಇಲ್ಲ. ಇದನ್ನು ಬರೆದ ಮೇಲೆ 'ಮುಚ್ಚಳ ತೆಗೆಯಲು ಆಗುತ್ತಿಲ್ಲ' ಎಂಬ ಫೋನ್‌ಗಳು ಬಹುತೇಕ ನಿಂತವು.

ಸೆಲ್ ಹಾಕಿ ಆಟಿಕೆಯನ್ನು ಹತ್ತು ನಿಮಿಷ ಓಡಿಸಿ. ಮುಚ್ಚಳ ಮುಟ್ಟಿ ನೋಡಿ, ಬಿಸಿಯಾಗಿರಬಾರದು. ತಿಂಗಳುಗಟ್ಟಲೆ ಆಡದಿದ್ದರೆ ಸೆಲ್ ತೆಗೆದಿಡಿ, ಹಳೆಯದು ಹೊಸದು ಸೇರಿಸಿ ಹಾಕಬೇಡಿ, ಈ ಎರಡು ಸಾಲನ್ನೂ ಲಿಸ್ಟಿಂಗ್‌ನಲ್ಲಿ ಸೇರಿಸಿ. ಸೋರಿದ ಸೆಲ್‌ನಿಂದ ಕೆಟ್ಟುಹೋದ ಆಟಿಕೆಗಳೇ ನನಗೆ ಜಾಸ್ತಿ ವಾಪಸ್ ಬಂದಿವೆ.

ಬಟನ್ ಸೆಲ್ ಇರುವ ಆಟಿಕೆಗೆ ಮಾತ್ರ ಇಷ್ಟಕ್ಕೆ ನಿಲ್ಲಿಸಬೇಡಿ. ಹಾಡುವ ಪುಸ್ತಕ, ಮಿನುಗುವ ಬುಗುರಿ, ಬೆಳಕಿನ ಉಂಗುರ ಇಂಥವುಗಳಲ್ಲಿ ಅದು ಇರುತ್ತದೆ. `LR44` ಅಂದರೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, 11.6 ಮಿಲಿಮೀಟರ್ ಅಗಲ. `CR2032` ನಾಣ್ಯದಂತೆ ಚಪ್ಪಟೆ, 20 ಮಿಲಿಮೀಟರ್ ಅಗಲ, 3 ವೋಲ್ಟ್. ಈ ಎರಡನೆಯದು ತುಂಬಾ ಅಪಾಯಕಾರಿ. ಚಿಕ್ಕ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಅಳತೆ ಅದು. ಸೆಲ್ ಒಡೆದು ಸೋರಬೇಕಾಗಿಲ್ಲ. ಒದ್ದೆ ಮಾಂಸಕ್ಕೆ ತಾಗಿದ ಕೂಡಲೇ ಕರೆಂಟು ಹರಿದು, ಅಲ್ಲಿ ಸುಣ್ಣದಂತೆ ಸುಡುವ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಯೊಳಗೆ ಗಂಭೀರವಾಗಿ ಸುಡಬಹುದು. ಆಟಿಕೆ ಓಡಿಸಲು ಆಗದ 'ಸತ್ತ' ಸೆಲ್‌ನಲ್ಲೂ ಇದಕ್ಕೆ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ.

ಆದ್ದರಿಂದ ಬಟನ್ ಸೆಲ್ ಆಟಿಕೆ ಬಂದಾಗ ನಾನು ಮೊದಲು ಮುಚ್ಚಳವನ್ನು ಉಗುರಿನಿಂದ, ಆಮೇಲೆ ನಾಣ್ಯದಿಂದ ಮೀಟಿ ನೋಡುತ್ತೇನೆ. ಮೊಣಕಾಲೆತ್ತರದಿಂದ ಎರಡು ಮೂರು ಸಲ ಬೀಳಿಸುತ್ತೇನೆ. ಉಗುರಿಗೆ ತೆರೆದುಕೊಂಡರೆ, ಬಿದ್ದಾಗ ಸೆಲ್ ಹೊರಗೆ ಹಾರಿದರೆ, ಸ್ಕ್ರೂ ಸುಮ್ನೆ ತಿರುಗುತ್ತಾ ಇದ್ದರೆ, ಮಾರುವುದಿಲ್ಲ. ಪಾಸಾದರೆ ಲಿಸ್ಟಿಂಗ್‌ನಲ್ಲಿ ಹೀಗೆ ಬರೆಯುತ್ತೇನೆ: 'ಒಳಗೆ ಬಟನ್ ಸೆಲ್ ಇದೆ. ನುಂಗಿದರೆ ಎರಡು ಗಂಟೆಯೊಳಗೆ ಒಳಗೆ ಸುಟ್ಟು ಪ್ರಾಣಾಪಾಯ ಆಗಬಹುದು. ಅನುಮಾನ ಬಂದರೂ ವಾಂತಿ ಮಾಡಿಸಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಹಳೆಯ ಸೆಲ್ ಕೂಡ ಮಕ್ಕಳ ಕೈಗೆ ಸಿಗದಂತೆ ಇಡಿ.'

ಚಾರ್ಜ್ ಮಾಡುವ ಕಾರು ಅಥವಾ ರೋಬೋ ಆದರೆ ಕೊರಿಯರ್‌ನವರು ಕೇಳುವ ಒಂದು ಲೆಕ್ಕ ಇದೆ, ವ್ಯಾಟ್ ಅವರ್. ವೋಲ್ಟನ್ನು ಎಂಎಎಚ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಸಾಕು. 3.7 ವೋಲ್ಟ್, 500 ಎಂಎಎಚ್ ಬ್ಯಾಟರಿ ಅಂದರೆ:

```
3.7 × 500 ÷ 1000 = 1.85 Wh
```

ಲೀಥಿಯಂ ಬ್ಯಾಟರಿ ಇದೆ ಅನ್ನುವುದನ್ನು ಮುಚ್ಚಿಡಬೇಡಿ. ವಿಮಾನದಲ್ಲಿ ಕಳಿಸಲು ಅದಕ್ಕೆ ನಿಯಮಗಳಿವೆ, ಗೊತ್ತಾದರೆ ಪಾರ್ಸೆಲ್ ಮಧ್ಯದಲ್ಲೇ ನಿಲ್ಲುತ್ತದೆ. ಗ್ರಾಹಕರಿಗೆ ಚಾರ್ಜಿಂಗ್ ಕೇಬಲ್ ಇದೆಯಾ, ಎಷ್ಟು ಹೊತ್ತು ಚಾರ್ಜ್, ಎಷ್ಟು ಹೊತ್ತು ಆಟ, ದೊಡ್ಡವರೇ ಚಾರ್ಜ್ ಮಾಡಬೇಕು, ಇಷ್ಟು ಹೇಳಿ.

ಬರೆದು ಮುಗಿದಾಗ

ಮೀನಿನ ಆಟದ ಈಗಿನ ಲಿಸ್ಟಿಂಗ್ ಹೀಗಿದೆ. ತಯಾರಕರ ಹೆಸರು ವಿಳಾಸ, ಎಂಆರ್‌ಪಿ, ಯಾವ ದೇಶದಲ್ಲಿ ತಯಾರು, ಗ್ರಾಹಕ ಸೇವೆಯ ನಂಬರ್, ಇವು ಕಾನೂನಿನ ಪ್ರಕಾರ ಹೇಗೂ ಇರಲೇಬೇಕು, ಇವನ್ನು ಡಬ್ಬಿ ನೋಡಿ ಹಾಗೆಯೇ ತುಂಬುತ್ತೇನೆ.

> ತಿರುಗುವ ಕೊಳದ ಮೀನು ಹಿಡಿಯುವ ಆಟ, 3 ವರ್ಷ ಮೇಲ್ಪಟ್ಟ ಮಕ್ಕಳಿಗೆ
>
> ಎಚ್ಚರಿಕೆ: 3 ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ. ಮೀನುಗಳು ಚಿಕ್ಕದಾಗಿವೆ (4 ಸೆಂ.ಮೀ. ಉದ್ದ), ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟಬಹುದು. ಗಾಳದಲ್ಲಿ ಅಯಸ್ಕಾಂತ ಇದೆ. ನುಂಗಿದ ಅನುಮಾನ ಬಂದರೂ ತಕ್ಷಣ ಆಸ್ಪತ್ರೆಗೆ ಹೋಗಿ.
>
> ಮನೆಯಲ್ಲಿ ಪುಟ್ಟ ತಮ್ಮ ತಂಗಿ ಇದ್ದರೆ, ಆಟ ಮುಗಿದ ಮೇಲೆ 15 ಮೀನುಗಳನ್ನೂ ಎಣಿಸಿ ಎತ್ತಿಡಿ.
>
> ಡಬ್ಬಿಯಲ್ಲಿ: ಕೊಳ 1, ಮೀನು 15, ಗಾಳ 4.
>
> ಸೆಲ್: 2 `AA` (ಗಡಿಯಾರದ ಸೆಲ್, 1.5 ವೋಲ್ಟ್). ಡಬ್ಬಿಯಲ್ಲಿ ಇಲ್ಲ, ಬೇರೆ ಕೊಳ್ಳಬೇಕು. ಮುಚ್ಚಳಕ್ಕೆ ಸ್ಕ್ರೂ ಇದೆ, ಪ್ಲಸ್ ತುದಿಯ ಚಿಕ್ಕ ಸ್ಕ್ರೂಡ್ರೈವರ್ ಬೇಕು. ಸೆಲ್ ಬದಲಿಸುವುದು ದೊಡ್ಡವರ ಕೆಲಸ. ಹಳೆಯದು ಹೊಸದು ಸೇರಿಸಿ ಹಾಕಬೇಡಿ. ಬಹಳ ದಿನ ಆಡದಿದ್ದರೆ ತೆಗೆದಿಡಿ.
>
> ಐಎಸ್ಐ ಗುರುತು ಇದೆ, `IS 15644`.

ಎಣಿಸಿ ಎತ್ತಿಡಿ ಎಂಬ ಸಾಲು ಹಾಸನದ ಆ ಅಜ್ಜಿ ಹೇಳಿಕೊಟ್ಟದ್ದು. ದೊಡ್ಡ ಮೊಮ್ಮಗ ಆಡುತ್ತಿದ್ದ ಮೀನು ಮಂಚದ ಕೆಳಗೆ ಉರುಳಿ, ಅಲ್ಲಿಂದ ಪುಟ್ಟಿಯ ಕೈಗೆ ಸಿಕ್ಕಿತ್ತಂತೆ. ಐದು ವರ್ಷದವನಿಗೆ ಅಂತಲೇ ಕೊಂಡರೂ ಅಪಾಯ ಎರಡು ವರ್ಷದವಳಿಗೆ. ಡಬ್ಬಿಯ ಮೇಲೆ ಆ ಸಾಲು ಇರುವುದಿಲ್ಲ, ನಾವೇ ಸೇರಿಸಬೇಕು.

ಇನ್ನು ಹೊಸ ಮಾಲು ಬಂದಾಗಲೂ ಒಂದು ಡಬ್ಬಿ ತೆರೆಯಿರಿ. ಹೆಸರು ಅದೇ, ಡಬ್ಬಿಯ ಬಣ್ಣ ಅದೇ, ಒಳಗಿನದು ಬದಲಾಗಿರುತ್ತದೆ. ಕಳೆದ ಸಲ ಬಂದ ಮೀನಿನ ಆಟದಲ್ಲಿ ಮೀನು 15ರ ಬದಲು 12 ಇದ್ದವು, ಸೆಲ್ 2ರ ಬದಲು 1 ಸಾಕಿತ್ತು. ಅವತ್ತೇ ಹಳೆಯ ಸ್ಟಾಕನ್ನು ಬೇರೆ ರ‍್ಯಾಕಿಗೆ ಹಾಕಿ, ಹೊಸದಕ್ಕೆ ಬೇರೆ ಲಿಸ್ಟಿಂಗ್ ಮಾಡಿದೆ. 15 ಅಂತ ಓದಿದ ತಾಯಿಗೆ 12 ಮೀನು ಸಿಕ್ಕಿದರೆ, ಉಳಿದ ಮೂರು ಎಲ್ಲಿ ಅಂತ ಅವರು ಮಂಚದ ಕೆಳಗೆ ಹುಡುಕುತ್ತಾ ಕೂರಬೇಕಾಗುತ್ತದೆ.